ಹೊಟ್ಟೆ ಆಪರೇಷನ್ನಿಗೆ ಬಾಯಿ ಯಾಕೆ ಅಳೆಯುತ್ತಾರೆ? ಅಪ್ಪನನ್ನು ವಾಪಸ್ ಕಳಿಸಿದ್ದಾರೆ

ಕೊಪ್ಪದ ಮಗಳು

ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಪ್ಪನಿಗೆ 58 ವರ್ಷ. ಕೊಪ್ಪದ ಹತ್ತಿರ ಅಡಿಕೆ ತೋಟ ಇದೆ. ಪಿತ್ತಕೋಶದಲ್ಲಿ ಕಲ್ಲು. ಈ ಮಳೆಗಾಲದಲ್ಲಿ ಎರಡು ಸಲ ಹೊಟ್ಟೆನೋವು ಬಂದು ರಾತ್ರಿಯೆಲ್ಲ ಒದ್ದಾಡಿದರು. ಚಿಕ್ಕಮಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಪರೋಸ್ಕೋಪಿ ಮಾಡಿಸೋಣ ಅಂತ ದಿನ ಗೊತ್ತು ಮಾಡಿದ್ದೆವು. ರಕ್ತ, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲ ಸರಿ ಇತ್ತು. ಸರ್ಜನ್ ಕೂಡ ತೊಂದರೆ ಇಲ್ಲ ಅಂದಿದ್ದರು.

ಹಿಂದಿನ ಸಂಜೆ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಹೊಟ್ಟೆ ಮುಟ್ಟಲೇ ಇಲ್ಲ. ಬಾಯಿ ಬಿಡಿ ಅಂದರು. ನಾಲಿಗೆ ಚಾಚಿ ಅಂದರು. ನಿಮ್ಮದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಿ ಅಂದರು. ಅಪ್ಪನಿಗೆ ಎರಡೂ ಹೋಗಲಿಲ್ಲ. ಆಮೇಲೆ ಸೂರು ನೋಡಿ ಅಂದರು. ಐದು ನಿಮಿಷದಲ್ಲಿ ಮುಗಿಸಿ, "ಇಲ್ಲಿ ಬೇಡ, ಫೈಬರ್ ಸ್ಕೋಪ್ ಇರೋ ಕಡೆ ಹೋಗಿ, ಹಾಸನಕ್ಕೆ ಬರೆದುಕೊಡ್ತೀನಿ" ಅಂದುಬಿಟ್ಟರು. ಚೀಟಿಯಲ್ಲಿ ಮೌತ್ ಓಪನಿಂಗ್ 22 ಎಂಎಂ, ಮಲ್ಲಂಪಾಟಿ ಗ್ರೇಡ್ 4, ಕತ್ತು ಹಿಂದಕ್ಕೆ ಬಾಗುವುದು ಕಡಿಮೆ, ಹೀಗೆ ಬರೆದಿದ್ದಾರೆ.

ಅಪ್ಪ ಸಿಟ್ಟಾಗಿದ್ದಾರೆ. "ಕಲ್ಲು ಇರೋದು ಹೊಟ್ಟೆಯಲ್ಲಿ, ಇವನು ಹಲ್ಲು ಎಣಿಸಿ ಕಳಿಸ್ತಾನೆ" ಅಂತ ಬಸ್ಸಿನಲ್ಲಿ ಎಲ್ಲರಿಗೂ ಕೇಳೋ ಹಾಗೆ ಬೈದರು. ಎಂಟು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಗಿತ್ತು. ಆಗ ಯಾರೂ ಬಾಯಿ ನೋಡಿರಲಿಲ್ಲ, ಏನೂ ಆಗಿರಲಿಲ್ಲ. ಇದು ನಿಜವಾಗಲೂ ಬೇಕಾ, ಅಥವಾ ಸುಮ್ನೆ ಕೈ ತೊಳೆದುಕೊಂಡರಾ?

ಮೂಡಿಗೆರೆ ಮಳೆ

ಅಕ್ಕ, ಹೆದರಿಸ್ತಿಲ್ಲ. ಆದರೆ ಗ್ರೇಡ್ 4 ಅಂದರೆ ಕೊನೆಯ ಹಂತ ಅಲ್ವಾ? ನಮ್ಮ ಚಿಕ್ಕಪ್ಪನಿಗೆ ಗಂಟಲು ಕ್ಯಾನ್ಸರ್ ಆದಾಗಲೂ ನಾಲ್ಕು ಅಂತಲೇ ಬರೆದಿದ್ದರು. ಬೇಗ ಶಿವಮೊಗ್ಗ ಇಲ್ಲ ಮಂಗಳೂರಿಗೆ ಕರೆದುಕೊಂಡು ಹೋಗಿ. ಹೊಟ್ಟೆಯ ಕಲ್ಲು ಆಮೇಲೆ ನೋಡಿದರಾಯಿತು.

ಕೊಪ್ಪದ ಮಗಳು

ಅಯ್ಯೋ ದೇವರೇ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಯಾರಾದರೂ ಗೊತ್ತಿರೋರು ಹೇಳಿ, ದಯವಿಟ್ಟು.

ಓಟಿ ಹುಡುಗ

ಅಲ್ಲ ಅಲ್ಲ, ಅದು ಕ್ಯಾನ್ಸರ್ ಗ್ರೇಡ್ ಅಲ್ಲ. ಬಾಯಿ ಬಿಟ್ಟಾಗ ಗಂಟಲು ಎಷ್ಟು ಕಾಣಿಸುತ್ತೆ ಅನ್ನೋ ಲೆಕ್ಕ ಅಷ್ಟೇ. ನಾನು ಹಾಸನದಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್, ದಿನಾ ಈ ನಂಬರ್ ನೋಡ್ತೀನಿ. ಆರೋಗ್ಯವಾಗಿ ಓಡಾಡಿಕೊಂಡಿರೋ ಎಷ್ಟೋ ಜನರಿಗೆ 3, 4 ಇರುತ್ತೆ. ಮಳೆ ಅವರೇ, ಸ್ವಲ್ಪ ನೋಡಿ ಬರೀರಿ.

ಅರಸೀಕೆರೆ ಪ್ಯಾಸೆಂಜರ್

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅಣ್ಣನಿಗೆ ಬುದ್ಧಿಹಲ್ಲಿನ ಕೀವಾಗಿ ದವಡೆ ಕಚ್ಚಿಕೊಂಡಿತ್ತು. ಒಂದು ಬೆರಳೂ ಹೋಗ್ತಿರಲಿಲ್ಲ. ಮತ್ತಿನ ಇಂಜೆಕ್ಷನ್ ಕೊಟ್ಟ ಕೂಡಲೇ ದವಡೆ ಸಡಿಲ ಆಗಿ ಬಾಯಿ ಪೂರ್ತಿ ತೆರೆಯಿತು, ಡಾಕ್ಟರೇ ಹೇಳಿದರು. ಮತ್ತು ಕೊಟ್ಟರೆ ಮೈಯೆಲ್ಲ ಸಡಿಲ ಆಗುತ್ತೆ. ಎಚ್ಚರ ಇದ್ದಾಗ ಅಳೆದು ಪ್ರಯೋಜನ ಏನು? ಇಲ್ಲಾಂದರೆ ಬೆನ್ನಿಗೆ ಸೂಜಿ ಹಾಕಲಿ. ಹರ್ನಿಯಾಗೂ ಅದೇ ತಾನೇ ಕೊಟ್ಟಿದ್ದು?

ಮತ್ತಿನ ಡಾಕ್ಟ್ರು

ನಾನು ಇದೇ ಕೆಲಸ ಮಾಡುವವಳು. ಹಾಸನ ಜಿಲ್ಲೆಯಲ್ಲಿ ಹದಿನಾಲ್ಕು ವರ್ಷ ಆಯಿತು. ಮಗಳೇ, ಮೊದಲು ಒಂದು ಪ್ರಶ್ನೆ. ಅಪ್ಪ ಎಲೆಅಡಿಕೆ ಕವಳ ಹಾಕುತ್ತಾರಾ? ಎಷ್ಟು ವರ್ಷದಿಂದ? ಖಾರ ತಿಂದರೆ ಬಾಯಿ ಉರಿಯುತ್ತೆ ಅಂತಾರಾ?

ಕೊಪ್ಪದ ಮಗಳು

ಮೇಡಂ, ನಿಮಗೆ ಹೇಗೆ ಗೊತ್ತಾಯಿತು? ನನಗೆ ನೆನಪಿರುವಾಗಿನಿಂದ ಕವಳ ಹಾಕುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಸಲ. ಈಚೆಗೆ ನಾಲ್ಕೈದು ವರ್ಷದಿಂದ ಅಮ್ಮ ಅವರಿಗೆ ಬೇರೆ ಸಾರು ಮಾಡುತ್ತಾರೆ, ಖಾರ ಹಾಕದೆ. ಅನ್ನದ ತುತ್ತನ್ನೂ ಚಿಕ್ಕದು ಮಾಡಿಕೊಂಡಿದ್ದಾರೆ. ವಯಸ್ಸಾಯಿತಲ್ಲ ಅಂದುಕೊಂಡಿದ್ದೆವು.

ಮತ್ತಿನ ಡಾಕ್ಟ್ರು

ಹಾಗಾದರೆ ನಿಮ್ಮನ್ನು ವಾಪಸ್ ಕಳಿಸಿದ ಡಾಕ್ಟರು ಸರಿಯಾಗಿಯೇ ಮಾಡಿದ್ದಾರೆ. ಯಾಕೆ ಅಂತ ಹೇಳುತ್ತೇನೆ.

ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ. ಅದು ಎದೆ ಹೊಟ್ಟೆಯ ಮಧ್ಯದ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ನಾವು ಪೂರ್ತಿ ಮತ್ತು ಕೊಟ್ಟು, ಮಾಂಸಖಂಡ ಸಡಿಲ ಆಗುವ ಔಷಧಿ ಕೊಟ್ಟಿರುತ್ತೇವೆ. ಆ ಔಷಧಿ ಒಳಗೆ ಹೋದ ಮೇಲೆ ಅಪ್ಪ ಸ್ವಂತ ಉಸಿರಾಡುವುದಿಲ್ಲ. ಅವರ ಉಸಿರು ನಮ್ಮ ಕೈಯಲ್ಲಿ. ಅದಕ್ಕೆ ಶ್ವಾಸನಾಳದೊಳಗೆ ಒಂದು ಟ್ಯೂಬ್ ಇಳಿಸಬೇಕು. ಟ್ಯೂಬ್ ಇಳಿಸಲು ಬಾಗಿದ ಸ್ಟೀಲ್ ಬ್ಲೇಡನ್ನು ಬಾಯೊಳಗೆ ಹಾಕಿ, ನಾಲಿಗೆಯನ್ನು ಎತ್ತಿ, ಧ್ವನಿಪೆಟ್ಟಿಗೆಯ ಬಾಯನ್ನು ಕಣ್ಣಿಂದ ನೋಡಬೇಕು. ಬ್ಲೇಡು, ಟ್ಯೂಬು ಎರಡೂ ಆ ಸಂದಿಯಲ್ಲೇ ಹೋಗಬೇಕು, ನನ್ನ ಕಣ್ಣಿಗೂ ಜಾಗ ಬೇಕು. 22 ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ಅಗಲ. 30ಕ್ಕಿಂತ ಕಡಿಮೆ ಆದರೆ ನಾವು ಎಚ್ಚರ ಆಗುತ್ತೇವೆ. ಸಾಮಾನ್ಯ ಜನರಿಗೆ ತಮ್ಮದೇ ಮೂರು ಬೆರಳು, ಅಂದರೆ ನಾಲ್ಕು ಸೆಂಟಿಮೀಟರ್ ಮೇಲೆ, ಸಲೀಸಾಗಿ ಹೋಗುತ್ತದೆ. ರೋಗಿಯದೇ ಬೆರಳು ಯಾಕೆ ಅಂದರೆ, ದೊಡ್ಡ ಆಳಿಗೆ ದೊಡ್ಡ ಬೆರಳು, ಸಣ್ಣ ಆಳಿಗೆ ಸಣ್ಣ ಬೆರಳು. ಲೆಕ್ಕ ತಾನೇ ಸರಿಹೋಗುತ್ತದೆ.

ಈಗ ಪ್ಯಾಸೆಂಜರ್ ಅವರ ಮಾತು. ನಿಮ್ಮ ಅಣ್ಣನ ವಿಷಯದಲ್ಲಿ ನೀವು ಹೇಳಿದ್ದು ಸುಳ್ಳಲ್ಲ. ಕೀವು, ನೋವು ಇದ್ದಾಗ ದವಡೆಯ ಮಾಂಸಖಂಡ ಬಿಗಿ ಹಿಡಿದಿರುತ್ತದೆ. ಮತ್ತಿನಲ್ಲಿ ಅದು ಸಡಿಲ ಆಗುತ್ತದೆ, ಎಷ್ಟೋ ಸಲ ಬಾಯಿ ತೆರೆಯುತ್ತದೆ. ಎಲ್ಲ ಸಲ ಅಲ್ಲ, ಆ ಮಾತು ಬೇರೆ. ಆದರೆ ಅಡಿಕೆಯಿಂದ ಆಗುವುದು ಬೇರೆ ಕಥೆ. ಕೆನ್ನೆಯ ಒಳಪದರವೇ ಗಟ್ಟಿ ನಾರಾಗಿ ಹೋಗಿರುತ್ತದೆ. ಮಾಂಸಖಂಡಕ್ಕೆ ಕೊಡುವ ಔಷಧಿ ನಾರನ್ನು ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ಎಚ್ಚರದಲ್ಲಿ 22 ಇದ್ದದ್ದು ಮತ್ತಿನಲ್ಲೂ 22. ಆಗ ಉಸಿರು ನಿಂತಿದೆ, ಬಾಯಿ ತೆರೆಯುತ್ತಿಲ್ಲ. ಆ ಜಾಗಕ್ಕೆ ಹೋಗಬಾರದು ಅಂತಲೇ ಹಿಂದಿನ ಸಂಜೆ ಬಂದು ಬೆರಳು ಇಡಿಸುವುದು. ಇಂಥವರಿಗೆ ಎಚ್ಚರ ಇರುವಾಗಲೇ ಮೂಗಿನಿಂದ ತೆಳ್ಳಗಿನ ಫೈಬರ್ ಸ್ಕೋಪ್ ಬಿಟ್ಟು, ಅದರ ಮೇಲೆ ಟ್ಯೂಬ್ ಇಳಿಸುತ್ತಾರೆ.

ವ್ಯತ್ಯಾಸ ಮನೆಯಲ್ಲೇ ಗೊತ್ತಾಗುತ್ತದೆ. ಕೈ ತೊಳೆದು ತೋರುಬೆರಳನ್ನು ಕೆನ್ನೆಯ ಒಳಗೆ ಹಾಕಿ ಹೊರಕ್ಕೆ ಎಳೆದು ನೋಡಿ. ಒಳ್ಳೆಯ ಕೆನ್ನೆ ಹಿಗ್ಗುತ್ತದೆ. ಇವರದ್ದು ಹಗ್ಗ ಬಿಗಿದ ಹಾಗೆ ಮೇಲಿಂದ ಕೆಳಕ್ಕೆ ಎಳೆ ಎಳೆ ಸಿಗುತ್ತದೆ. ಟಾರ್ಚ್ ಬಿಟ್ಟರೆ ಒಳಗೆ ಕೆಂಪು ಇರಬೇಕಾದ ಕಡೆ ಬಿಳಿಚಿಕೊಂಡಿರುತ್ತದೆ.

ಕೊಪ್ಪದ ಮಗಳು

ನೋಡಿದೆ ಮೇಡಂ. ಅಪ್ಪ ಬಿಡಲಿಲ್ಲ, ಅಮ್ಮ ಗದರಿಸಿದ ಮೇಲೆ ಬಾಯಿ ಬಿಟ್ಟರು. ನೀವು ಹೇಳಿದ ಹಾಗೇ ಇದೆ. ಎರಡೂ ಕೆನ್ನೆಯಲ್ಲಿ ಗಟ್ಟಿ ಎಳೆ ಸಿಕ್ಕಿತು. ಕಿರುನಾಲಿಗೆ ಕಾಣಲೇ ಇಲ್ಲ. ನಾಲಿಗೆ ಹಲ್ಲಿನಿಂದ ಸ್ವಲ್ಪ ಆಚೆ ಬರುತ್ತೆ ಅಷ್ಟೇ.

ತಮ್ಮನ ಸ್ಟೀಲ್ ಸ್ಕೇಲಿನಲ್ಲಿ ಅಳೆದೆ. 26 ಎಂಎಂ ಬಂತು. ಡಾಕ್ಟರು 22 ಬರೆದಿದ್ದಾರಲ್ಲ, ತಪ್ಪಾಗಿರಬಹುದಾ?

ಓಟಿ ಹುಡುಗ

ಅಳೆಯೋವಾಗ ಅಪ್ಪ ತಲೆ ಹಿಂದಕ್ಕೆ ಹಾಕಿದ್ದರಾ?

ಕೊಪ್ಪದ ಮಗಳು

ಹೌದು, ಬಾಯಿ ಬಿಡುವಾಗ ತಲೆ ತಾನೇ ಹಿಂದಕ್ಕೆ ಹೋಗುತ್ತಲ್ಲ. ನೇರ ಹಿಡಿಸಿ ಮತ್ತೆ ಅಳೆದೆ. 21 ಬಂತು!

ಮತ್ತಿನ ಡಾಕ್ಟ್ರು

ಹುಡುಗ ಸರಿಯಾಗಿ ಹಿಡಿದ. ನಾವೆಲ್ಲ ಬಾಯಿ ದೊಡ್ಡದು ಮಾಡುವಾಗ ತಲೆಯನ್ನು ಸ್ವಲ್ಪ ಹಿಂದಕ್ಕೆ ಹಾಕುತ್ತೇವೆ. ನೀವೇ ಈಗ ಗದ್ದವನ್ನು ಎದೆ ಕಡೆ ತಗ್ಗಿಸಿಕೊಂಡು ಬಾಯಿ ಬಿಟ್ಟು ನೋಡಿ, ಅಷ್ಟು ತೆರೆಯುವುದಿಲ್ಲ. ಅದಕ್ಕೇ ಬಾಯಿ ಮತ್ತು ಕತ್ತು ಎರಡನ್ನೂ ಒಟ್ಟಿಗೆ ನೋಡಬೇಕು. ಕತ್ತು ಬಿಗಿದವರಿಗೆ ಬಾಯೂ ಸ್ವಲ್ಪ ಕಡಿಮೆಯೇ ತೆರೆಯುತ್ತದೆ.

ಇನ್ನೊಂದು. ಮೇಲಿನ ಮುಂಹಲ್ಲಿನ ಅಂಚಿನಿಂದ ಕೆಳಗಿನ ಮುಂಹಲ್ಲಿನ ಅಂಚಿಗೆ ಅಳೆಯಬೇಕು. ತುಟಿಯಿಂದ ತುಟಿಗೆ ಅಳೆದು "ಐದು ಸೆಂಟಿಮೀಟರ್ ಇದೆ" ಅಂತ ಬರೆದದ್ದನ್ನೂ ನೋಡಿದ್ದೇನೆ. ಮುಂಹಲ್ಲು ಬಿದ್ದವರಲ್ಲಿ ಅಳತೆ ಜಾಸ್ತಿ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಬೇಲೂರು ಟೀಚರ್

ನನಗೂ ಹೋದ ವರ್ಷ ಥೈರಾಯ್ಡ್ ಆಪರೇಷನ್ನಿಗೆ ಮೊದಲು ಇದೇ ಮಲ್ಲಂಪಾಟಿ 3 ಅಂತ ಬರೆದಿದ್ದರು. ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಮಾರನೇ ದಿನ ಕೇಳಿದರೆ "ಟ್ಯೂಬ್ ಒಂದೇ ಸಲಕ್ಕೆ ಹೋಯಿತು" ಅಂದರು. ಅದೇ ವಾರ್ಡಿನಲ್ಲಿ ಪಕ್ಕದ ಬೆಡ್ಡಿನ ಹುಡುಗಿಗೆ 1 ಇತ್ತಂತೆ, ಅವಳಿಗೆ ಮೂರು ಸಲ ಪ್ರಯತ್ನ ಪಟ್ಟರಂತೆ. ಗಂಟಲು ನೋವು ಅಂತ ಮೂರು ದಿನ ಅಳುತ್ತಿದ್ದಳು. ಹಾಗಾದರೆ ಈ ನಂಬರಿಗೆ ಅರ್ಥ ಏನು? ನಾನು ಮಕ್ಕಳ ಪೇಪರ್ ಹೀಗೆ ತಿದ್ದಿದರೆ ಪೋಷಕರು ಬಿಡ್ತಾರಾ?

ಮತ್ತಿನ ಡಾಕ್ಟ್ರು

ಟೀಚರ್, ನೀವು ಕೇಳಿದ್ದು ನಮ್ಮ ವಿಭಾಗದವರೇ ಇವತ್ತಿಗೂ ಜಗಳ ಆಡುವ ಪ್ರಶ್ನೆ.

ಮಲ್ಲಂಪಾಟಿ ಅನ್ನುವುದು ಆಂಧ್ರ ಮೂಲದ, ಅಮೆರಿಕದಲ್ಲಿ ಕೆಲಸ ಮಾಡಿದ ಡಾಕ್ಟರ ಹೆಸರು. 1985ರಲ್ಲಿ ಅವರು ಪ್ರಕಟಿಸಿದಾಗ ಮೂರೇ ಗ್ರೇಡ್ ಇತ್ತು. ನಾಲ್ಕನೆಯದನ್ನು 1987ರಲ್ಲಿ ಬೇರೆಯವರು ಸೇರಿಸಿದರು. ಯೋಚನೆ ಸರಳ. ನಾಲಿಗೆ ಬಾಯಿಗೆ ದೊಡ್ಡದಾಗಿದ್ದರೆ ಹಿಂದಿನದನ್ನು ಮುಚ್ಚುತ್ತದೆ. ಕಿರುನಾಲಿಗೆ ಪೂರ್ತಿ, ಅದರ ಎರಡು ಪಕ್ಕದ ಕಮಾನು ಎಲ್ಲ ಕಂಡರೆ 1. ಕಮಾನು ಮರೆಯಾದರೆ 2. ಕಿರುನಾಲಿಗೆಯ ಬುಡ ಮಾತ್ರ ಕಂಡರೆ 3. ಬರೀ ಗಟ್ಟಿ ಅಂಗುಳ ಕಂಡರೆ 4.

ಇದನ್ನು ನೋಡುವಾಗಲೇ ಅರ್ಧ ತಪ್ಪು ಆಗುತ್ತದೆ. ರೋಗಿ ಕೂತಿರಬೇಕು, ತಲೆ ನೇರ ಇರಬೇಕು, ಬಾಯಿ ಪೂರ್ತಿ ಬಿಟ್ಟು ನಾಲಿಗೆ ಪೂರ್ತಿ ಚಾಚಬೇಕು. ಮತ್ತೆ, "ಆ" ಅನ್ನಬಾರದು. ನಮ್ಮ ಜನಕ್ಕೆ ಬಾಯಿ ಬಿಡಿ ಅಂದರೆ ಸಾಕು, ಚಿಕ್ಕವರಾಗಿದ್ದಾಗ ಡಾಕ್ಟರು ಮಾಡಿಸಿದ್ದು ನೆನಪಾಗಿ "ಆ" ಅಂದುಬಿಡುತ್ತಾರೆ. ಆ ಸ್ವರ ಬಂದ ಕೂಡಲೇ ಅಂಗುಳ ಮೇಲೇಳುತ್ತದೆ, 3 ಇದ್ದದ್ದು 2 ಆಗಿ ಕಾಣುತ್ತದೆ. ಪಕ್ಕದ ಬೆಡ್ಡಿನ ಹುಡುಗಿಗೆ ಹಾಗೇ ಆಗಿತ್ತೋ ಏನೋ, ನಾನು ಹೇಳಲಾರೆ.

ಸರಿಯಾಗಿ ನೋಡಿದರೂ ಅದು ಒಂದೇ ಸುಳಿವು. ಡೆನ್ಮಾರ್ಕಿನಲ್ಲಿ ಒಂದು ಲಕ್ಷ ಎಂಬತ್ತೆಂಟು ಸಾವಿರ ಜನರ ದಾಖಲೆ ನೋಡಿ 2015ರಲ್ಲಿ ಒಂದು ಅಧ್ಯಯನ ಬಂತು. ಟ್ಯೂಬ್ ಹಾಕಲು ಕಷ್ಟ ಆದವರಲ್ಲಿ ನೂರಕ್ಕೆ 93 ಜನರ ವಿಷಯದಲ್ಲಿ ಡಾಕ್ಟರಿಗೆ ಮೊದಲೇ ಅನುಮಾನ ಬಂದಿರಲಿಲ್ಲ. ಕಷ್ಟ ಆಗುತ್ತೆ ಅಂತ ಬರೆದವರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಮಾತ್ರ ನಿಜವಾಗಿ ಕಷ್ಟ ಆಯಿತು. ನಿಮ್ಮ ವಾರ್ಡಿನ ಕಥೆಯೂ ಅದೇ.

ಆದರೆ ಕೊಪ್ಪದ ಅಪ್ಪನ ವಿಷಯ ಆ ಥರದ್ದಲ್ಲ. ಅವರ ಗ್ರೇಡ್ 4ಕ್ಕೆ ನಾನು ಬೆಲೆಯನ್ನೇ ಕೊಡುವುದಿಲ್ಲ. ಬಾಯೇ ತೆರೆಯದವರಿಗೆ ಗಂಟಲು ಕಾಣದೆ ಇನ್ನೇನು? ಅಲ್ಲಿ ಮಾತಾಡುವುದು 21 ಅನ್ನುವ ಅಳತೆ ಮತ್ತು ಕೆನ್ನೆಯ ಎಳೆ.

ಓಟಿ ಹುಡುಗ

ಇಲ್ಲಿ ಒಂದು ಗೊಂದಲ ಇದೆ, ಹೇಳಿಬಿಡ್ತೀನಿ. ಗ್ರೇಡ್ ಎರಡು ಥರ ಇದೆ. ಮಲ್ಲಂಪಾಟಿ ಎಚ್ಚರದಲ್ಲಿ ನೋಡೋದು. ಮತ್ತು ಕೊಟ್ಟ ಮೇಲೆ ಬ್ಲೇಡ್ ಹಾಕಿ ಒಳಗೆ ನೋಡಿದಾಗ ಹೇಳೋದು ಕಾರ್ಮ್ಯಾಕ್ ಗ್ರೇಡ್. ಅದೂ ಒಂದರಿಂದ ನಾಲ್ಕು. ಧ್ವನಿಪೆಟ್ಟಿಗೆಯ ಬಾಯಿ ಚೆನ್ನಾಗಿ ಕಂಡರೆ 1. ಬರೀ ಅದರ ಮುಚ್ಚಳ ಕಂಡರೆ 3. ಮುಚ್ಚಳವೂ ಕಾಣದಿದ್ದರೆ 4, ಆಗ ಥಿಯೇಟರಿನಲ್ಲಿ ಯಾರೂ ಮಾತಾಡಲ್ಲ.

ನಾನು ಸೇರಿದ ಮೊದಲ ವರ್ಷ ಒಬ್ಬ ತೆಳ್ಳಗಿನ ಹುಡುಗ, ಅಪೆಂಡಿಕ್ಸ್. ಬಾಯಿ ನಾಲ್ಕು ಬೆರಳು ತೆರೆಯುತ್ತಿತ್ತು, ಮಲ್ಲಂಪಾಟಿ 1, ಕತ್ತು ರಬ್ಬರ್. ಬ್ಲೇಡ್ ಹಾಕಿದರೆ ಕಾರ್ಮ್ಯಾಕ್ 3. ನಾಲಿಗೆಯ ಬುಡದಲ್ಲಿ ಟಾನ್ಸಿಲ್ ಥರದ್ದೇ ಊದಿಕೊಂಡ ಮಾಂಸ. ಹೊರಗಿಂದ ಯಾವ ಬೆರಳು ಇಟ್ಟರೂ ಅದು ಗೊತ್ತಾಗ್ತಿರಲಿಲ್ಲ. ಮಾಸ್ಕಿನಲ್ಲಿ ಉಸಿರು ಚೆನ್ನಾಗಿ ಹೋಗ್ತಿತ್ತು, ಅದಕ್ಕೇ ಗಾಬರಿ ಆಗಲಿಲ್ಲ. ಸರ್ ಬೂಜಿ ಕೊಡು ಅಂದರು. ನಾನು ಉದ್ದದ ಕಡ್ಡಿ ಕೊಟ್ಟೆ, ಅದರ ಮೇಲೆ ಟ್ಯೂಬ್ ಜಾರಿಸಿದರು. ಮುಗೀತು.

ಅರಸೀಕೆರೆ ಪ್ಯಾಸೆಂಜರ್

ನಾರಿನ ವಿಷಯ ಒಪ್ಪಿದೆ ಮೇಡಂ. ಆದರೆ ಬೆನ್ನಿನ ಸೂಜಿಗೆ ನೀವು ಉತ್ತರ ಕೊಡಲಿಲ್ಲ. ಹರ್ನಿಯಾ ಆದಾಗ ಬಾಯಿ ಯಾರೂ ನೋಡಲಿಲ್ಲವಂತೆ, ಏನೂ ಆಗಲಿಲ್ಲವಲ್ಲ?

ಮತ್ತಿನ ಡಾಕ್ಟ್ರು

ನೋಡದೇ ಕೊಟ್ಟದ್ದು ಸರಿಯಲ್ಲ. ಏನೂ ಆಗಲಿಲ್ಲ ಅನ್ನುವುದು ಅದೃಷ್ಟ. ಬೆನ್ನಿನ ಸೂಜಿ ಕೆಲವು ಸಲ ಪೂರ್ತಿ ಹಿಡಿಯುವುದಿಲ್ಲ. ಅಪರೂಪಕ್ಕೆ ಜಾಸ್ತಿ ಮೇಲಕ್ಕೆ ಏರಿ ಉಸಿರಾಟವೇ ಕಷ್ಟ ಆಗುತ್ತದೆ. ಎರಡರಲ್ಲೂ ಕೊನೆಗೆ ಅದೇ ಬಾಯಿ, ಅದೇ 21 ಮಿಲಿಮೀಟರ್. ಆಗ ಹೊಟ್ಟೆಯೂ ತೆರೆದಿರುತ್ತದೆ. ಹಾಗಾಗಿ ಬೆನ್ನಿಗೆ ಕೊಡುವಾಗಲೂ ನಾನು ಬಾಯಿ ನೋಡದೆ ಸೂಜಿ ಎತ್ತುವುದಿಲ್ಲ.

ಹಳೇ ಸರ್ಜನ್

ಮೇಡಂ ಜೊತೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಾನು ಸಣ್ಣ ಊರುಗಳಲ್ಲೇ ಕೆಲಸ ಮಾಡಿದವನು. ಪಿತ್ತಕೋಶವನ್ನು ತೆರೆದ ಆಪರೇಷನ್ನಿನಲ್ಲಿ ಬೆನ್ನಿನ ಅರಿವಳಿಕೆಯಲ್ಲೇ ತೆಗೆದಿದ್ದೇವೆ. ಈಗ ಲ್ಯಾಪರೋಸ್ಕೋಪಿಯನ್ನೂ ಹಾಗೆ ಮಾಡುವವರು ನಮ್ಮ ದೇಶದಲ್ಲಿ ಇದ್ದಾರೆ. ಭುಜ ನೋಯುತ್ತದೆ, ರೋಗಿ ಸ್ವಲ್ಪ ಒದ್ದಾಡುತ್ತಾನೆ, ಆದರೂ ಆಗುತ್ತದೆ. ಫೈಬರ್ ಸ್ಕೋಪ್ ಇಲ್ಲದ ಊರಿನಲ್ಲಿ ಎಲ್ಲರನ್ನೂ ನೂರೈವತ್ತು ಕಿಲೋಮೀಟರ್ ಓಡಿಸಲು ಆಗುವುದಿಲ್ಲ.

ಮತ್ತಿನ ಡಾಕ್ಟ್ರು

ಸರ್, ತುರ್ತು ಇದ್ದರೆ ನಿಮ್ಮ ಮಾತು ಯೋಚಿಸಬೇಕಾದದ್ದೇ. ಇವರಿಗೆ ಈಗ ನೋವಿಲ್ಲ, ಜ್ವರ ಇಲ್ಲ, ಎರಡು ವಾರ ಕಾಯಬಹುದು. ಕಾಯಲು ಆಗುವಾಗ ಕಾಯುವುದೇ ನನ್ನ ಲೆಕ್ಕ.

ಹಳೇ ಸರ್ಜನ್

ನಿಮ್ಮ ಲೆಕ್ಕ ನಿಮಗೆ. ಮಧ್ಯೆ ಇನ್ನೊಂದು ಸಲ ಕಲ್ಲು ಸಿಕ್ಕಿಹಾಕಿಕೊಂಡು ಕಾಮಾಲೆ ಆದರೆ?

ಬೇಲೂರು ಟೀಚರ್

ಕತ್ತಿನ ವಿಷಯ ಯಾರೂ ಪೂರ್ತಿ ಹೇಳಲೇ ಇಲ್ಲ. ಸೂರು ನೋಡಿ ಅಂದದ್ದು ಯಾಕೆ? ನಮ್ಮ ಅತ್ತೆಗೆ ಕತ್ತು ಸವೆದಿದೆ. ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಷನ್ ಇದೆ. ಅವರಿಗೂ ಟ್ಯೂಬ್ ಹಾಕುತ್ತಾರಾ?

ಮತ್ತಿನ ಡಾಕ್ಟ್ರು

ಅತ್ತೆಯವರ ಪೊರೆಗೆ ಸಾಮಾನ್ಯವಾಗಿ ಕಣ್ಣಿಗೆ ಹನಿ ಇಲ್ಲ ಇಂಜೆಕ್ಷನ್ ಅಷ್ಟೇ, ಟ್ಯೂಬ್ ಬೇಕಾಗುವುದಿಲ್ಲ. ಕತ್ತು ನೋವಿದೆ, ಅಂಗಾತ ಮಲಗಲು ಕಷ್ಟ ಅಂತ ಮಾತ್ರ ಮೊದಲೇ ಹೇಳಿ.

ಇನ್ನು ಸೂರು ನೋಡುವುದು. ಬ್ಲೇಡಿನಲ್ಲಿ ನೋಡಲು ಬಾಯಿ ಮತ್ತು ಗಂಟಲು ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಬೇಕು. ಅದಕ್ಕೆ ತಲೆಬುರುಡೆ ಕತ್ತಿನ ಮೊದಲ ಮೂಳೆಯ ಮೇಲೆ ಹಿಂದಕ್ಕೆ ಹೊರಳಬೇಕು. ತಲೆಬುರುಡೆಗೂ ಆ ಮೂಳೆಗೂ ಮಧ್ಯದ ಆಟ ಅದು. ಇಲ್ಲಿ ಜನ ನಮಗೆ ಮೋಸ ಮಾಡುತ್ತಾರೆ, ಬೇಕಂತ ಅಲ್ಲ. ಮೇಲೆ ನೋಡಿ ಅಂದರೆ ಬೆನ್ನನ್ನೇ ಹಿಂದಕ್ಕೆ ಬಾಗಿಸಿ ಫ್ಯಾನು ನೋಡುತ್ತಾರೆ. ಕತ್ತು ಅಲ್ಲಾಡಿರುವುದೇ ಇಲ್ಲ. ಹಾಗಾಗಿ ನಾನು ಒಂದು ಬೆರಳನ್ನು ಗದ್ದದ ತುದಿಯಲ್ಲಿ, ಇನ್ನೊಂದನ್ನು ತಲೆಯ ಹಿಂದಿನ ಉಬ್ಬಿನ ಮೇಲೆ ಇಟ್ಟುಕೊಳ್ಳುತ್ತೇನೆ. ಆಮೇಲೆ ತಲೆ ಹಿಂದಕ್ಕೆ ಹಾಕಿಸುತ್ತೇನೆ. ಗದ್ದದ ಬೆರಳು ಹಿಂದಿನ ಬೆರಳಿಗಿಂತ ಮೇಲೆ ಹೋದರೆ ಸರಿ. ಎರಡೂ ಸಮ ನಿಂತರೆ ಕತ್ತು ಬಿಗಿ. ಗದ್ದದ್ದು ಕೆಳಗೇ ಉಳಿದರೆ ಜಾಸ್ತಿ ಬಿಗಿ.

ಕತ್ತು ಇನ್ನೊಂದು ಕಾರಣಕ್ಕೂ ಬೇಕು. ಎಲ್ಲ ದಾರಿ ಮುಚ್ಚಿದರೆ ಕತ್ತಿನ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡಬೇಕಾಗುತ್ತದೆ. ಕತ್ತು ಹಿಂದಕ್ಕೆ ಬಾಗದವರಲ್ಲಿ ಆ ಜಾಗವೂ ಕೈಗೆ ಸರಿಯಾಗಿ ಸಿಗುವುದಿಲ್ಲ.

ಮೂಡಿಗೆರೆ ಮಳೆ

ಅಂದರೆ ಕತ್ತು ಕೊಯ್ಯುತ್ತಾರಾ? ನಾನು ಮೊದಲೇ ಹೇಳಿದೆ, ಮಂಗಳೂರಿಗೆ ಹೋಗಿ ಅಂತ.

ಓಟಿ ಹುಡುಗ

ಮಳೆ ಅವರೇ, ನೀವು ಸುಮ್ನೆ ಸುರಿಯೋದು ನಿಲ್ಲಿಸಿ.

ಮತ್ತಿನ ಡಾಕ್ಟ್ರು

ಮಳೆಯವರ ಒಂದು ಮಾತಿನಲ್ಲಿ ಹುರುಳಿದೆ. ಗ್ರೇಡ್ 4 ಕ್ಯಾನ್ಸರ್ ಅಲ್ಲ. ಆದರೆ ಹೀಗೆ ನಾರಾದ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಮಗಳೇ, ಹಾಸನಕ್ಕೆ ಹೋದಾಗ ಬಾಯಿಯನ್ನು ದಂತ ವೈದ್ಯರಿಗೋ ಇಎನ್‌ಟಿಯವರಿಗೋ ತೋರಿಸಿ. ಎರಡು ವಾರವಾದರೂ ಮಾಯದ ಹುಣ್ಣು, ಕೆಂಪು ಇಲ್ಲ ಬಿಳಿ ಕಲೆ ಇದ್ದರೆ ಮುಚ್ಚಿಡಬೇಡಿ.

ಕೊಪ್ಪದ ಮಗಳು

ಹಾಸನಕ್ಕೆ ಹೊರಟಿದ್ದೇವೆ. ಎಚ್ಚರ ಇರುವಾಗಲೇ ಪೈಪ್ ಹಾಕುತ್ತಾರೆ ಅಂತ ಅಪ್ಪನಿಗೆ ಇನ್ನೂ ಹೇಳಿಲ್ಲ.

ಓಟಿ ಹುಡುಗ

ಹೇಳಿಬಿಡಿ ಅಕ್ಕ. ಗೊತ್ತಿಲ್ಲದೆ ಬಂದವರೇ ಟೇಬಲ್ ಮೇಲೆ ಜಾಸ್ತಿ ಒದ್ದಾಡೋದು.

ಕೊಪ್ಪದ ಮಗಳು

ಹದಿನಾರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಆಪರೇಷನ್ ಆಯಿತು. ಅಪ್ಪ ಮನೆಯಲ್ಲಿದ್ದಾರೆ.

ಅಲ್ಲಿಯ ಡಾಕ್ಟರು ಮತ್ತೆ ಮೊದಲಿಂದ ಅಳೆದರು. 21. ಕತ್ತಿಗೆ ಎರಡು ಬೆರಳಿನ ಪರೀಕ್ಷೆ ಮಾಡಿದರು, ಎರಡೂ ಸಮ ನಿಂತವು. ಯಾವ ಮೂಗಿನಲ್ಲಿ ಉಸಿರು ಚೆನ್ನಾಗಿ ಹೋಗುತ್ತೆ ಅಂತ ಒಂದೊಂದೇ ಹೊಳ್ಳೆ ಮುಚ್ಚಿ ನೋಡಿದರು. ಬಲಗಡೆ ಅಂತ ಗೊತ್ತು ಮಾಡಿದರು.

ಆ ದಿನದ್ದು ಅಪ್ಪ ಹೇಳಿದ ಹಾಗೆ ಬರೆಯುತ್ತೇನೆ. ಮೊದಲು ಬಾಯಿ ಒಣಗುವ ಇಂಜೆಕ್ಷನ್. ಮೂಗಿಗೆ ಹನಿ. ಆಮೇಲೆ ದಮ್ಮಿನವರಿಗೆ ಇಡುವ ಮಾಸ್ಕಿನಲ್ಲಿ ಮರಗಟ್ಟುವ ಔಷಧಿಯ ಹೊಗೆ, ಹತ್ತು ಹದಿನೈದು ನಿಮಿಷ. "ನಾಲಿಗೆ ದಪ್ಪ ಆಯಿತು, ಎಂಜಲು ನುಂಗಿದ್ದು ಗೊತ್ತಾಗಲಿಲ್ಲ" ಅಂದರು. ಕತ್ತಿನ ಮುಂದೆ ಕೈಯಿಟ್ಟು ಹುಡುಕಿ ಪೆನ್ನಿನಲ್ಲಿ ಒಂದು ಗೆರೆ ಎಳೆದರಂತೆ. ಇಎನ್‌ಟಿ ಡಾಕ್ಟರು ಪಕ್ಕದಲ್ಲೇ ಕೈ ತೊಳೆದು ನಿಂತಿದ್ದರಂತೆ. ಗೆರೆ ಗೆರೆಯಾಗಿಯೇ ಉಳಿಯಿತು, ಮನೆಗೆ ಬಂದಾಗಲೂ ಅಳಿಸಿರಲಿಲ್ಲ.

ಮೂಗಿನಿಂದ ತೆಳ್ಳಗಿನ ಸ್ಕೋಪ್ ಬಿಟ್ಟರು. ಅದರ ಮೇಲೆ ಮೊದಲೇ ಟ್ಯೂಬ್ ಏರಿಸಿದ್ದರು. ಗಂಟಲಿನ ಹತ್ತಿರ ಮತ್ತೆ ಔಷಧಿ ಚಿಮುಕಿಸಿದಾಗ ಜೋರು ಕೆಮ್ಮು ಬಂತಂತೆ. ಅದೊಂದೇ ಕಷ್ಟ ಅಂದರು. ದೀರ್ಘ ಉಸಿರು ತಗೊಳ್ಳಿ ಅಂದಾಗ ಏನೋ ಕೆಳಗೆ ಜಾರಿದ ಹಾಗಾಯಿತು, ಆಮೇಲೆ ಮಾತಾಡಲು ಹೋದರೆ ದನಿಯೇ ಇಲ್ಲ. ಡಾಕ್ಟರು ಟಿವಿ ನೋಡಿ "ಸರಿ ಇದೆ" ಅಂದರು. ಅದಾದ ಮೇಲೆ ನಿದ್ದೆ. ಮುಗಿದ ಮೇಲೂ ಪೂರ್ತಿ ಎಚ್ಚರ ಆಗಿ ಕೈ ಹಿಡಿದು ಅದುಮಿದ ಮೇಲೆಯೇ ಟ್ಯೂಬ್ ತೆಗೆದರಂತೆ. ಎರಡು ದಿನ ಮೂಗಿನಲ್ಲಿ ಸ್ವಲ್ಪ ರಕ್ತ ಬರುತ್ತಿತ್ತು.

ಬಾಯಿ ದಂತ ವಿಭಾಗದಲ್ಲಿ ನೋಡಿದರು. ಹುಣ್ಣು ಇಲ್ಲ. ಆರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಕವಳ ಬಿಟ್ಟಿದ್ದಾರೆ, ಸದ್ಯಕ್ಕೆ. ತೋಟಕ್ಕೆ ಹೋದಾಗ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ.

ಅರಸೀಕೆರೆ ಪ್ಯಾಸೆಂಜರ್

ಒಳ್ಳೆಯದಾಯಿತು. ಇಷ್ಟಕ್ಕೂ ಕಾಮಾಲೆ ಆಗಲಿಲ್ಲವಲ್ಲ, ಸರ್ಜನ್ ಸರ್.

ಹಳೇ ಸರ್ಜನ್

ಆಗಲಿಲ್ಲ, ಸಂತೋಷ. ಆಗಬಹುದಿತ್ತು ಅನ್ನುವ ಮಾತನ್ನು ನಾನು ಹಿಂದಕ್ಕೆ ತಗೊಳ್ಳುವುದಿಲ್ಲ.

ಓಟಿ ಹುಡುಗ

ಅಕ್ಕ, ಡಿಸ್ಚಾರ್ಜ್ ಚೀಟಿಯಲ್ಲಿ ಟ್ಯೂಬ್ ಹೇಗೆ ಹಾಕಿದರು ಅಂತ ಬರೆದಿದ್ದಾರಾ ನೋಡಿ. ಬರೆಯದಿದ್ದರೆ ಹೋಗಿ ಬರೆಸಿಕೊಳ್ಳಿ. ಮುಂದೆ ಯಾವ ಆಪರೇಷನ್ ಆದರೂ ಬೆರಳಿಗಿಂತ ಮೊದಲು ಆ ಚೀಟಿ ತೋರಿಸಿ. ಹಿಂದೆ ಕಷ್ಟ ಆಗಿತ್ತು ಅನ್ನೋದಕ್ಕಿಂತ ಗಟ್ಟಿ ಸುಳಿವು ಇನ್ನೊಂದಿಲ್ಲ.

ಕೊಪ್ಪದ ಮಗಳು

ಬರೆದಿದ್ದಾರೆ. ಸ್ಕೋಪಿನ ವಿಷಯ, ಟ್ಯೂಬಿನ ಸೈಜು, ಬಲ ಮೂಗು ಎಲ್ಲ ಇದೆ. ಫೋಟೋ ತೆಗೆದು ಇಟ್ಟುಕೊಂಡೆ.

ಮೇಡಂ, ಇನ್ನೊಂದು ಕೇಳಬೇಕು. ಆ ಸ್ಕೇಲ್ ಕೈಯಲ್ಲಿ ಇತ್ತಲ್ಲ, ಸುಮ್ನೆ ತಮ್ಮನಿಗೂ ಬಾಯಿ ಬಿಡು ಅಂದೆ. ತಲೆ ನೇರ ಹಿಡಿಸಿಯೇ ಅಳೆದೆ. 33. ಅವನಿಗೆ 27 ವರ್ಷ. ಕವಳ ಹಾಕಲ್ಲ, ಪ್ಯಾಕೆಟ್ ಹಾಕುತ್ತಾನೆ. ಮೂರು ಬೆರಳು ಇಡು ಅಂದರೆ ನಕ್ಕುಬಿಟ್ಟ, ಎರಡೂವರೆ ಹೋಯಿತು.

ಮತ್ತಿನ ಡಾಕ್ಟ್ರು

ಕೆನ್ನೆಯೊಳಗೆ ಬೆರಳು ಹಾಕಿ ನೋಡಿದಿರಾ?

ಕೊಪ್ಪದ ಮಗಳು

ಬಿಡ್ತಿಲ್ಲ ಮೇಡಂ. ಅಮ್ಮ ತೋಟದಿಂದ ಬರಲಿ.